ಎಡಚರ ಬಲಗೈಗೆ ಹೊಂದುವ ಕೀಗಳು

ಕಂಪ್ಯೂಟರಿನ ಶೂಟರ್ ಆಟಗಳಲ್ಲಿ ಎರಡು ಕೈಗಳಿಗೂ ಬೇರೆ ಬೇರೆ ಕೆಲಸ. ಒಂದು ಕೈ ಮೌಸ್ ಹಿಡಿದು ಗುರಿಯಿಡುತ್ತದೆ, ಇನ್ನೊಂದು ಕೀಬೋರ್ಡಿನ ಮೇಲೆ ಕೂತು ಪಾತ್ರವನ್ನು ಓಡಾಡಿಸುತ್ತದೆ. ಹೆಚ್ಚುಕಡಿಮೆ ಎಲ್ಲ ಆಟಗಳಲ್ಲೂ ಓಡಾಟದ ಕೀಗಳು W, A, S, D. ಮುಂದಕ್ಕೆ W, ಹಿಂದಕ್ಕೆ S, ಎಡಕ್ಕೆ ಸರಿಯಲು A, ಬಲಕ್ಕೆ D. ಈ ನಾಲ್ಕೂ ಕೀಬೋರ್ಡಿನ ಎಡ ಅಂಚಿನಲ್ಲಿವೆ. ಆಡುವವರ ಬಲಗೈಯಲ್ಲಿ ಮೌಸ್ ಇರುತ್ತದೆ ಎಂದು ಮೊದಲೇ ತೀರ್ಮಾನಿಸಿ ಮಾಡಿದ ಏರ್ಪಾಡು ಇದು. ಮೌಸನ್ನು ಎಡಗೈಯಲ್ಲಿ ಹಿಡಿಯುವವರು ಇದರ ಜೊತೆ ಆಡಹೊರಟರೆ ಬಲಗೈ ಎದೆಯ ಮುಂದೆ ಅಡ್ಡಲಾಗಿ ಬಂದು ಎಡತುದಿಯಲ್ಲಿ ಕೂರಬೇಕು. ಮಣಿಕಟ್ಟು ತಿರುಚುತ್ತದೆ, ಎರಡು ಕೈಗಳೂ ಒಂದೇ ಕಡೆ ಸೇರಿ ಮೌಸಿಗೆ ಜಾಗವಿಲ್ಲದಂತಾಗುತ್ತದೆ.

ಆರಂಭದಲ್ಲಿ ಪರಿಸ್ಥಿತಿ ಹೀಗಿರಲಿಲ್ಲ. 1993ರ ಡೂಮ್ ಆಟದಲ್ಲಿ ಓಡಾಡಲು ಬಾಣದ ಗುರುತಿನ ಕೀಗಳಿದ್ದವು. 1996ರ ಕ್ವೇಕ್ ಬಂದಾಗಲೂ ಮೊದಲ ಏರ್ಪಾಡು ಅದೇ. ಬಾಣದ ಕೀಗಳು ಬಲಗೈ ಕಡೆಗಿದ್ದುದರಿಂದ ಎಡಚರಿಗೆ ಅದು ತಾನಾಗಿಯೇ ಅನುಕೂಲವಾಗಿತ್ತು. ಆದರೆ ಕ್ವೇಕ್ ಪೂರ್ತಿ ಮೂರು ಆಯಾಮದ ಆಟ. ಮೇಲೆ ಕೆಳಗೆ ನೋಡುತ್ತ ಗುರಿಯಿಡಲು ಮೌಸೇ ವಾಸಿ ಎಂಬುದು ಪಂದ್ಯಗಳಲ್ಲಿ ಬೇಗ ಗೊತ್ತಾಯಿತು. ಬಲಗೈ ಮೌಸಿಗೆ ಹೋಯಿತು, ಓಡಾಟ ಎಡಗೈಗೆ ಬಿತ್ತು. ‘ಥ್ರೆಶ್’ ಎಂಬ ಹೆಸರಿನಲ್ಲಿ ಆಡುತ್ತಿದ್ದ ಅಮೆರಿಕದ ಡೆನಿಸ್ ಫಾಂಗ್ 1997ರ ರೆಡ್ ಅನಿಹಿಲೇಷನ್ ಎಂಬ ಕ್ವೇಕ್ ಪಂದ್ಯಾವಳಿಯನ್ನು ಗೆದ್ದು, ಆಟದ ಮುಖ್ಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಅವರ ಫೆರಾರಿ ಕಾರನ್ನೇ ಬಹುಮಾನವಾಗಿ ಪಡೆದ. ಅವನು ಬಳಸುತ್ತಿದ್ದ W, A, S, D ಜೋಡಣೆಯನ್ನು ಉಳಿದವರೂ ಹಿಡಿದರು. 1998ರಲ್ಲಿ ಬಂದ ಹಾಫ್-ಲೈಫ್ ಅದನ್ನೇ ಮೂಲ ಏರ್ಪಾಡಾಗಿ ಕೊಟ್ಟಿತು. ಅಲ್ಲಿಂದೀಚೆಗೆ ಎಡಚರು ತಮ್ಮ ಕೀಗಳನ್ನು ತಾವೇ ಹೊಂದಿಸಿಕೊಳ್ಳಬೇಕಾಗಿದೆ.

ಎಲ್ಲ ಎಡಚರಿಗೂ ಈ ತೊಂದರೆ ಇಲ್ಲ. ಬರೆಯುವುದು, ಚೆಂಡೆಸೆಯುವುದು ಎಡಗೈಯಲ್ಲಾದರೂ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಬಲಗಡೆ ಇಟ್ಟ ಮೌಸನ್ನೇ ಹಿಡಿದು ರೂಢಿಯಾದವರು ಬಹಳ ಮಂದಿ. ಅವರು ಏನನ್ನೂ ಬದಲಿಸಬೇಕಿಲ್ಲ. ಮೌಸ್ ಯಾವ ಕೈಯಲ್ಲಿದೆ ಎಂಬುದಷ್ಟೇ ಇಲ್ಲಿ ಮುಖ್ಯ.

ಕೈ ಎಲ್ಲಿ ಕೂರಬೇಕು

ಬಲಗೈಗೆ ಸಾಮಾನ್ಯವಾಗಿ ಮೊದಲು ಹೊಳೆಯುವ ಜಾಗ I, J, K, L. ಆಕಾರ W, A, S, Dಯದೇ, ಆದರೆ ಒಂದು ಕೊರತೆಯಿದೆ. ಎಡಗೈ W, A, S, D ಮೇಲಿರುವಾಗ ಉಂಗುರಬೆರಳು A ಮೇಲೂ ನಡುಬೆರಳು W ಮತ್ತು S ಮೇಲೂ ತೋರುಬೆರಳು D ಮೇಲೂ ಇರುತ್ತವೆ. ಬಿಡುವಾಗಿರುವ ಕಿರುಬೆರಳಿಗೆ ಎಡ ಶಿಫ್ಟ್ ಕೀ ಪಕ್ಕದಲ್ಲೇ ಸಿಗುತ್ತದೆ. ಸದ್ದಿಲ್ಲದೆ ನಡೆಯುವುದು, ಕುಕ್ಕರಿಸುವುದು ಮುಂತಾದ ಒತ್ತಿ ಹಿಡಿಯುವ ಕೆಲಸಗಳೆಲ್ಲ ಈ ಕಿರುಬೆರಳಿನವು. ಕೀಬೋರ್ಡಿನ ಬಲಭಾಗ ಎಡಭಾಗದ ಪ್ರತಿಬಿಂಬವಲ್ಲ. Lನ ಆಚೆ ಇನ್ನೂ ಎರಡು ಕೀಗಳು, ಆಮೇಲೆ ಎಂಟರ್. ಪೂರ್ಣ ಗಾತ್ರದ ಕೀಬೋರ್ಡುಗಳಲ್ಲಿ ಒಂದು ಕೀಯ ನಡುವಿನಿಂದ ಪಕ್ಕದ ಕೀಯ ನಡುವಿಗೆ ಸುಮಾರು 19 ಮಿಲಿಮೀಟರ್ ಅಂತರ. ಆ ಲೆಕ್ಕದಲ್ಲಿ Lನ ಬಲ ಅಂಚಿನಿಂದ ಬಲ ಶಿಫ್ಟ್ ಶುರುವಾಗುವ ಜಾಗಕ್ಕೆ ಅಡ್ಡಲಾಗಿ 28 ಮಿಲಿಮೀಟರ್ ದಾಟಿದ ದೂರ. ಎಡಗಡೆಯಲ್ಲಾದರೆ ಶಿಫ್ಟ್ ಕೀಯ ತುದಿ Aಯ ಕೆಳಗೇ ನುಗ್ಗಿರುತ್ತದೆ. ಹಾಗಾಗಿ I, J, K, L ಮೇಲೆ ಕೈಯಿಟ್ಟವರ ಕಿರುಬೆರಳು ಪ್ರತಿಸಲವೂ ಚಾಚಿಕೊಳ್ಳಬೇಕು, ಅದರ ಜೊತೆ ಇಡೀ ಅಂಗೈ ಅಲುಗುತ್ತದೆ.

ಕೈಯನ್ನು ಒಂದು ಕೀಯಷ್ಟು ಬಲಕ್ಕೆ ಸರಿಸಿದರೆ O, K, L ಮತ್ತು ಅರ್ಧವಿರಾಮದ ಕೀ ಸಿಗುತ್ತವೆ. ತೋರುಬೆರಳು K, ನಡುಬೆರಳು L ಮತ್ತು O, ಉಂಗುರಬೆರಳು ಅರ್ಧವಿರಾಮ. ಬಲ ಶಿಫ್ಟ್ ಈಗ ಒಂದು ಸೆಂಟಿಮೀಟರಿಗಿಂತ ಕಡಿಮೆ ದೂರದಲ್ಲಿದೆ. ಕಿರುಬೆರಳಿನ ನೇರಕ್ಕೆ ಉದ್ಧರಣ ಚಿಹ್ನೆಯ ಕೀ ಬಂದಿದೆ. ಇನ್ನೂ ಒಂದು ಕೀ ಬಲಕ್ಕೆ ಹೋಗಿ P, L, ಅರ್ಧವಿರಾಮ, ಉದ್ಧರಣ ಚಿಹ್ನೆ ಹಿಡಿದರೆ ಶಿಫ್ಟ್ ವಿಷಯದಲ್ಲಿ ಎಡಗಡೆಯ ನಿಖರ ಪ್ರತಿಬಿಂಬವೇ ದೊರೆಯುತ್ತದೆ. ಆದರೆ ಆಗ ಸ್ಪೇಸ್ ಪಟ್ಟಿ ಕೈತಪ್ಪುತ್ತದೆ. ಸಾಮಾನ್ಯ ಕೀಬೋರ್ಡಿನಲ್ಲಿ ಆ ಪಟ್ಟಿಯ ಬಲತುದಿ Lನ ಕೆಳಗೆ ಮುಗಿದುಹೋಗುವುದರಿಂದ ಹೆಬ್ಬೆರಳಿಗೆ ಸಿಗುವುದು ಅದರ ಅಂಚು ಮಾತ್ರ. ನೆಗೆಯುವ ಕೀಯನ್ನು ಅಂಚಿನಲ್ಲಿ ಒತ್ತುವುದು ನಂಬುವಂಥದ್ದಲ್ಲ. ಈ ಮೂರರಲ್ಲಿ O, K, L ಮತ್ತು ಅರ್ಧವಿರಾಮದ ಜೋಡಣೆಯೇ ಹೆಚ್ಚಿನ ಕೈಗಳಿಗೆ ಹೊಂದುತ್ತದೆ.

ಬಲಗೈಗೆ ಇಲ್ಲಿ ಒಂದು ಲಾಭವೂ ಇದೆ. ಕೀಬೋರ್ಡಿನ ಸಾಲುಗಳು ಒಂದರ ಕೆಳಗೊಂದು ನೇರವಾಗಿಲ್ಲ, ಮೇಲಿನ ಸಾಲು ಕೆಳಗಿನದಕ್ಕಿಂತ ಸ್ವಲ್ಪ ಎಡಕ್ಕೆ ಜರುಗಿರುತ್ತದೆ. ಟೈಪ್‌ರೈಟರ್ ಕಾಲದಿಂದ ಉಳಿದುಕೊಂಡ ಓರೆ ಇದು. ಬಲ ಮುಂಗೈ ಬಲಗಡೆಯಿಂದ ಒಳಕ್ಕೆ ಬರುವುದರಿಂದ ಅದರ ಬೆರಳುಗಳು ಸಹಜವಾಗಿ ಎಡಮೇಲಕ್ಕೆ ಚಾಚುತ್ತವೆ, ಓರೆಯೂ ಅದೇ ದಿಕ್ಕಿನದು. Lನಿಂದ Oಗೆ ಹೋಗುವ ನಡುಬೆರಳು ತನ್ನ ದಾರಿಯಲ್ಲೇ ಹೋಗುತ್ತದೆ. W, A, S, D ಮೇಲಿನ ಎಡಗೈ ಈ ಓರೆಗೆ ಎದುರಾಗಿಯೇ ದುಡಿಯಬೇಕು.

ಬಾಣದ ಕೀಗಳೂ ಸಂಖ್ಯೆಗಳ ಗುಂಪೂ ಬಲಗಡೆ ಇರುವುದರಿಂದ ಅವನ್ನೇ ಹಿಡಿಯುವವರಿದ್ದಾರೆ. ಬಾಣದ ಕೀಗಳ ಸುತ್ತ ಖಾಲಿ ಜಾಗವೇ ಹೆಚ್ಚು. ಗುಂಡು ತುಂಬುವುದು, ಬಾಗಿಲು ತೆಗೆಯುವುದು, ಗ್ರೆನೇಡ್ ಹಿಡಿಯುವುದು ಇವುಗಳಿಗೆ ಹತ್ತಿರದಲ್ಲಿ ಸಾಕಷ್ಟು ಕೀಗಳಿಲ್ಲ. ಸಂಖ್ಯೆಗಳ ಗುಂಪಿನಲ್ಲಿ ಕೀಗಳು ಧಾರಾಳ, ಆದರೆ ವಿಂಡೋಸಿನಲ್ಲಿ ನಮ್‌ಲಾಕ್ ಹಾಕಿದ್ದಾಗ ಶಿಫ್ಟ್ ಹಿಡಿದು 8 ಒತ್ತಿದರೆ ಅದು ಸಂಖ್ಯೆಯಾಗಿ ಉಳಿಯದೆ ಮೇಲ್ಬಾಣವಾಗಿಬಿಡುತ್ತದೆ. ನಡೆಯಲು ಶಿಫ್ಟ್ ಇಟ್ಟುಕೊಂಡ ಆಟಗಾರನ ಪಾತ್ರ ನಡೆಯಹೊರಟಾಗಲೆಲ್ಲ ನಿಂತುಬಿಡುವುದಕ್ಕೆ ಕಾರಣ ಹುಡುಕಿದರೆ ಎಷ್ಟೋ ಸಲ ಇದೇ ಆಗಿರುತ್ತದೆ. ಅಲ್ಲಿ ಶಿಫ್ಟ್ ಬಳಸದಿರುವುದೇ ಮದ್ದು.

ಜಾಗಕ್ಕೆ ಪ್ರತಿಬಿಂಬ, ದಿಕ್ಕಿಗಲ್ಲ

ಕೌಂಟರ್-ಸ್ಟ್ರೈಕ್ 2 ಆಟವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಇದರ ಹಳೆಯ ರೂಪ 1.6 ಬೆಂಗಳೂರಿನ ಸೈಬರ್ ಕೆಫೆಗಳಲ್ಲೂ ಎಂಜಿನಿಯರಿಂಗ್ ಹಾಸ್ಟೆಲುಗಳಲ್ಲೂ ಮನೆಮಾತಾಗಿತ್ತು. ಕೀ ಬದಲಿಸುವ ವಿಧಾನ ಅಂದಿನಿಂದ ಹೆಚ್ಚು ಬದಲಾಗಿಲ್ಲ.

ನಾಲ್ಕು ಓಡಾಟದ ಕೀಗಳನ್ನು ಮಾತ್ರ ಬಲಕ್ಕೆ ತಂದು ಉಳಿದವನ್ನು ಹಾಗೇ ಬಿಟ್ಟರೆ ಕೆಲಸ ಅರ್ಧವಾದಂತೆ. ಗುಂಡು ತುಂಬುವ R, ಬಾಗಿಲು ತೆಗೆಯುವ E, ಹಿಂದಿನ ಆಯುಧಕ್ಕೆ ಮರಳುವ Q ಇನ್ನೂ ಎಡಗಡೆಯಲ್ಲೇ ಉಳಿದಿವೆ. ಬಲಗೈ ಪ್ರತಿಸಲ ಜಿಗಿಯಬೇಕು. ಆದ್ದರಿಂದ ಇಡೀ ಗುಂಪನ್ನು ಕನ್ನಡಿಯಲ್ಲಿ ತಿರುಗಿಸಿದ ಹಾಗೆ ಸಾಗಿಸಬೇಕು. ಉಂಗುರಬೆರಳಿನ ಮೇಲಿದ್ದ Q ಈಗ P ಆಗುತ್ತದೆ. ತೋರುಬೆರಳಿನ ಮೇಲಿದ್ದ E ಈಗ I, ಅದರ ಒಳಬದಿಯ R ಈಗ U. F ಹೋಗಿ J, ಆಯುಧ ಕೆಳಗೆ ಹಾಕುವ G ಹೋಗಿ H, ಖರೀದಿಯ B ಹೋಗಿ N. ಆಯುಧ ಆರಿಸುವ 1ರಿಂದ 5ರವರೆಗಿನ ಅಂಕೆಗಳಿಗೆ ಬದಲಾಗಿ 0, 9, 8, 7, 6.

ಇಲ್ಲೊಂದು ಎಚ್ಚರಿಕೆ ಬೇಕು. ಬೆರಳಿನ ಜಾಗಗಳು ಕನ್ನಡಿಯಂತೆ ತಿರುಗುತ್ತವೆ, ದಿಕ್ಕುಗಳು ತಿರುಗಕೂಡದು. ಎಡಗೈಯ ಉಂಗುರಬೆರಳು ಎಡಕ್ಕೆ ಸರಿಸುತ್ತಿತ್ತೆಂದು ಬಲಗೈಯ ಉಂಗುರಬೆರಳಿಗೂ ಅದೇ ಕೆಲಸ ಕೊಟ್ಟರೆ, ಬಲಗಡೆಯ ಕೀ ಒತ್ತಿದಾಗ ಪಾತ್ರ ಎಡಕ್ಕೆ ಹೋಗುತ್ತದೆ. ಹಾಗಾಗಿ ಎಡಕ್ಕೆ ಸರಿಯುವುದು ತೋರುಬೆರಳಿನ K, ಬಲಕ್ಕೆ ಸರಿಯುವುದು ಉಂಗುರಬೆರಳಿನ ಅರ್ಧವಿರಾಮ.

ಎಡ-ಬಲಗಳು ಎರಡು ಬೇರೆ ಬೆರಳುಗಳಲ್ಲಿರುವುದು ಈ ಆಟದಲ್ಲಿ ಬಹಳ ಮುಖ್ಯ. ಓಡುತ್ತ ಹೊಡೆದ ಗುಂಡು ಕೌಂಟರ್-ಸ್ಟ್ರೈಕಿನಲ್ಲಿ ಎತ್ತಲೋ ಚೆದುರುತ್ತದೆ. ನಿಖರವಾಗಿ ಹೊಡೆಯಲು ನಿಲ್ಲಬೇಕು. ಕೀ ಬಿಟ್ಟ ಮೇಲೂ ಪಾತ್ರ ಕ್ಷಣಕಾಲ ಜಾರುವುದರಿಂದ, ಬಲಕ್ಕೆ ಓಡುತ್ತಿರುವ ಆಟಗಾರ ಎಡದ ಕೀಯನ್ನು ಒಮ್ಮೆ ತಟ್ಟಿ ಆ ವೇಗವನ್ನು ಕೊಲ್ಲುತ್ತಾನೆ, ಅದೇ ಗಳಿಗೆಯಲ್ಲಿ ಗುಂಡು ಹಾರಿಸುತ್ತಾನೆ. ಒಂದು ಬೆರಳು ಏಳುವಾಗ ಇನ್ನೊಂದು ಇಳಿಯಬೇಕು. ಮುಂದೆ-ಹಿಂದೆಗಳಿಗೆ ಒಂದೇ ನಡುಬೆರಳು ಸಾಕು, ಎಡ-ಬಲಗಳಿಗೆ ಸಾಲದು.

ಆಟದ ಸೆಟ್ಟಿಂಗ್ಸ್‌ನಲ್ಲಿರುವ ಕೀಬೋರ್ಡ್ ಪುಟದಲ್ಲಿ ಒಂದೊಂದೇ ಕ್ರಿಯೆಯ ಮೇಲೆ ಕ್ಲಿಕ್ ಮಾಡಿ ಹೊಸ ಕೀ ಒತ್ತಿದರೆ ಬದಲಾವಣೆ ಆಗುತ್ತದೆ. ಒಂದು ಕಂಪ್ಯೂಟರಿನಲ್ಲಷ್ಟೇ ಆಡುವವರಿಗೆ ಇಷ್ಟು ಸಾಕು. ಗೇಮಿಂಗ್ ಕೆಫೆಗಳಲ್ಲಿ, ಗೆಳೆಯರ ಮನೆಯಲ್ಲಿ ಆಡುವ ಎಡಚರು ಅದನ್ನೇ ಫೈಲಿನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಆಟದ ಫೋಲ್ಡರಿನೊಳಗಿನ `game\csgo\cfg` ಜಾಗದಲ್ಲಿ `autoexec.cfg` ಎಂಬ ಹೆಸರಿನ ಫೈಲ್ ಮಾಡಿ ಅದರಲ್ಲಿ ಈ ಸಾಲುಗಳನ್ನು ಬರೆಯಬೇಕು:

```
bind "o" "+forward"
bind "l" "+back"
bind "k" "+left"
bind "SEMICOLON" "+right"
bind "'" "+sprint"
bind "RSHIFT" "+duck"
bind "p" "lastinv"
bind "i" "+use"
bind "u" "+reload"
bind "h" "drop"
bind "g" "switchhands"
bind "w" "messagemode"
bind "r" "messagemode2"
unbind "y"
```

ಹೆಸರು `+sprint` ಎಂದಿದ್ದರೂ ಕೌಂಟರ್-ಸ್ಟ್ರೈಕ್ 2ರಲ್ಲಿ ಅದು ಸದ್ದಿಲ್ಲದೆ ನಡೆಯುವ ಆಜ್ಞೆ. ಅದೇ ಕುಟುಂಬದ ಹಳೆಯ ಆಟಗಳಲ್ಲಿ ಇದಕ್ಕೆ `+speed` ಎಂದೂ, ಪಕ್ಕಕ್ಕೆ ಸರಿಯುವುದಕ್ಕೆ `+moveleft`, `+moveright` ಎಂದೂ ಹೆಸರು. ಹಳೆಯ ಫೈಲನ್ನು ಹಾಗೇ ತಂದು ಹೊಸ ಆಟಕ್ಕೆ ಹಾಕಿದರೆ ಪಾತ್ರ ಮುಂದೆ ಹಿಂದೆ ಹೋಗಿ ಪಕ್ಕಕ್ಕೆ ಮಾತ್ರ ಅಲುಗದೆ ನಿಲ್ಲುವುದು ಇದರಿಂದಲೇ.

ನಾಲ್ಕನೆಯ ಸಾಲಿನಲ್ಲಿ ಚಿಹ್ನೆಯ ಬದಲು `SEMICOLON` ಎಂದು ಬರೆದಿರುವುದಕ್ಕೂ ಕಾರಣವಿದೆ. ಕ್ವೇಕ್ ಕಾಲದಿಂದಲೂ ಈ ಆಟಗಳ ಕನ್ಸೋಲಿನಲ್ಲಿ ಅರ್ಧವಿರಾಮ ಎಂದರೆ ಒಂದು ಆಜ್ಞೆ ಮುಗಿದು ಇನ್ನೊಂದು ಶುರುವಾಯಿತು ಎಂದರ್ಥ. ಆ ಚಿಹ್ನೆಯನ್ನೇ ನೇರವಾಗಿ ಬರೆದರೆ ಸಾಲು ಅಲ್ಲಿಗೇ ತುಂಡಾಗಿ, ಬಲಕ್ಕೆ ಸರಿಯುವ ಕೀಯೇ ಇಲ್ಲದಂತಾಗುತ್ತದೆ. ಅದಕ್ಕಾಗಿಯೇ ಕೀಗೆ ಅಕ್ಷರಗಳಲ್ಲಿ ಒಂದು ಹೆಸರು ಕೊಟ್ಟಿದ್ದಾರೆ.

ಉಳಿದದ್ದು ಚಾಟ್ ಕೀಗಳ ಮಾತು. Y ಒತ್ತಿದರೆ ಎಲ್ಲರಿಗೂ, U ಒತ್ತಿದರೆ ತಂಡಕ್ಕೆ ಸಂದೇಶ ಬರೆಯುವ ಪೆಟ್ಟಿಗೆ ತೆರೆಯುತ್ತದೆ. ಈಗ U ಗುಂಡು ತುಂಬುವ ಕೀ, ಅದರ ಪಕ್ಕದಲ್ಲೇ Y. ಬೆರಳು ಸ್ವಲ್ಪ ತಪ್ಪಿ Y ಮೇಲೆ ಬಿದ್ದರೆ ಪೆಟ್ಟಿಗೆ ತೆರೆದುಕೊಂಡು, ಆಮೇಲೆ ಒತ್ತಿದ ಓಡಾಟದ ಕೀಗಳೆಲ್ಲ ಅಕ್ಷರಗಳಾಗಿ ಮೂಡುತ್ತವೆ. ಪಾತ್ರ ಎದುರಾಳಿಯ ಮುಂದೆ ಬೊಂಬೆಯಾಗಿ ನಿಲ್ಲುತ್ತದೆ. ಅದಕ್ಕೇ ಎರಡೂ ಚಾಟ್ ಕೀಗಳನ್ನು ಈಗ ಖಾಲಿಯಾದ ಎಡಭಾಗಕ್ಕೆ ಕಳಿಸಿ Yಯನ್ನು ಪೂರ್ತಿ ಬಿಡುಗಡೆ ಮಾಡಿದ್ದು. G ಮತ್ತು Hಗಳನ್ನು ಅದಲುಬದಲು ಮಾಡಿದ್ದೂ ಇಂಥದೇ ಕಾರಣಕ್ಕೆ, H ಮೊದಲೇ ಬೇರೆ ಕೆಲಸದಲ್ಲಿತ್ತು. ಒಂದು ಕೀಗೆ ಹೊಸ ಕೆಲಸ ಕೊಟ್ಟಾಗ ಅದರ ಹಳೆಯ ಕೆಲಸ ಸದ್ದಿಲ್ಲದೆ ಮಾಯವಾಗುತ್ತದೆ, ಆಟ ಎಚ್ಚರಿಸುವುದಿಲ್ಲ. ಬದಲಿಸುವ ಮುನ್ನ ಕನ್ಸೋಲಿನಲ್ಲಿ `bind u` ಎಂದಷ್ಟೇ ಬರೆದು ಎಂಟರ್ ಒತ್ತಿದರೆ ಆ ಕೀ ಯಾವ ಕೆಲಸಕ್ಕಿದೆ ಎಂಬುದು ತೋರುತ್ತದೆ. ಕನ್ಸೋಲ್ ಕಾಣಲು ಸೆಟ್ಟಿಂಗ್ಸ್‌ನಲ್ಲಿ `Enable Developer Console` ಎಂಬುದನ್ನು ಹೌದು ಎಂದಿಡಬೇಕು.

ಫೈಲ್ ಕೆಲಸ ಮಾಡದಿದ್ದರೆ ಮೊದಲು ಅದರ ಹೆಸರನ್ನು ನೋಡಬೇಕು. ನೋಟ್‌ಪ್ಯಾಡಿನಲ್ಲಿ ಉಳಿಸಿದ ಫೈಲಿಗೆ ವಿಂಡೋಸ್ ತಾನೇ `.txt` ಸೇರಿಸಿ ಅದನ್ನು ತೋರಿಸದೆ ಬಚ್ಚಿಟ್ಟಿರುತ್ತದೆ. ಹೆಸರು ಸರಿಯಿದ್ದರೆ ಕನ್ಸೋಲಿನಲ್ಲಿ `exec autoexec.cfg` ಎಂದು ಬರೆದು ಓಡಿಸಬೇಕು. ಪ್ರತಿಸಲ ತಾನಾಗಿ ಓಡಲು ಸ್ಟೀಮ್‌ನಲ್ಲಿ ಆಟದ ಲಾಂಚ್ ಆಪ್ಷನ್ಸ್ ಜಾಗದಲ್ಲಿ `+exec autoexec.cfg` ಎಂದು ಸೇರಿಸಿದರಾಯಿತು.

ಮೌಸ್ ಮತ್ತು ಬಂದೂಕು ಹಿಡಿದ ಕೈ

ಎಡಗೈಯಲ್ಲಿ ಹಿಡಿದ ಮೌಸಿನ ಮೇಲೆ ತೋರುಬೆರಳು ಬೀಳುವುದು ಬಲಬದಿಯ ಗುಂಡಿಗೆ. ಗುಂಡು ಹಾರಿಸುವುದು ಎಡಬದಿಯ ಗುಂಡಿಯಲ್ಲೇ ಉಳಿದರೆ ನಡುಬೆರಳು ಟ್ರಿಗರ್ ಎಳೆಯಬೇಕಾಗುತ್ತದೆ. ವಿಂಡೋಸಿನಲ್ಲೇ ಎರಡು ಗುಂಡಿಗಳನ್ನು ಅದಲುಬದಲು ಮಾಡುವ ಸೌಲಭ್ಯವಿದ್ದು ಎಷ್ಟೋ ಎಡಚರು ಮೊದಲೇ ಅದನ್ನು ಹಾಕಿಕೊಂಡಿರುತ್ತಾರೆ. ಆದರೆ ಇಂದಿನ ಬಹಳಷ್ಟು ಶೂಟರ್‌ಗಳು ಮೌಸಿನ ಚಲನೆಯನ್ನೂ ಗುಂಡಿಗಳನ್ನೂ ವಿಂಡೋಸಿನ ತಿದ್ದುಪಡಿಗೆ ಮೊದಲೇ, ಹಸಿಯಾಗಿ ಓದಿಕೊಳ್ಳುತ್ತವೆ. ಅಲ್ಲಿ ವಿಂಡೋಸಿನ ಅದಲುಬದಲು ಲೆಕ್ಕಕ್ಕೆ ಬರುವುದಿಲ್ಲ. ಆಗ ಆಟದೊಳಗೇ ಹೀಗೆ ಬರೆಯಬೇಕು:

```
bind "mouse1" "+attack2"
bind "mouse2" "+attack"
```

ವಿಂಡೋಸಿನ ಬದಲಾವಣೆಯನ್ನು ಗೌರವಿಸುವ ಆಟದಲ್ಲೂ ಇದನ್ನು ಹಾಕಿದರೆ ಎರಡು ಸಲ ತಿರುಗಿ ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತದೆ. ಒಂದು ಗುಂಡು ಹಾರಿಸಿ ನೋಡಿದರೆ ಯಾವ ಬಗೆಯ ಆಟ ಎಂಬುದು ತಿಳಿಯುತ್ತದೆ. ಬಲಗೈಗೆಂದೇ ಉಬ್ಬುತಗ್ಗು ಕೊಟ್ಟು ಮಾಡಿದ ಮೌಸ್ ಎಡಗೈಗೆ ಒಗ್ಗದು. ಅದರ ಪಕ್ಕದ ಗುಂಡಿಗಳು ಹೆಬ್ಬೆರಳಿನ ಬದಲು ಉಂಗುರಬೆರಳಿನ ಕಡೆ ಬಂದು ಹಿಡಿತದಲ್ಲೇ ಒತ್ತಿಹೋಗುತ್ತವೆ. ಎರಡು ಬದಿಯೂ ಸಮನಾಗಿರುವ ಮೌಸ್ ಬೇಕು.

ಪರದೆಯ ಮೇಲೆ ಬಂದೂಕು ಯಾವ ಕೈಯಲ್ಲಿ ಕಾಣಬೇಕು ಎಂಬುದು ಬೇರೆ ಮಾತು. ಕೌಂಟರ್-ಸ್ಟ್ರೈಕ್ 2 ಬಂದಾಗ ಎಡಗೈ ನೋಟವನ್ನೇ ಬಿಟ್ಟಿದ್ದರು. 2024ರ ಏಪ್ರಿಲ್‌ನಲ್ಲಿ ಅದನ್ನು ಮರಳಿ ತಂದು, ಆಟದ ನಡುವೆಯೇ ಕೈ ಬದಲಿಸಲು H ಕೀ ಕೊಟ್ಟರು. ಮೇಲಿನ ಫೈಲಿನಲ್ಲಿ Gಗೆ ಹೋದದ್ದು ಈ `switchhands`. ಇದು ಗುರಿಯನ್ನಾಗಲಿ ಗುಂಡಿನ ದಾರಿಯನ್ನಾಗಲಿ ಬದಲಿಸುವುದಿಲ್ಲ, ಬಂದೂಕು ಪರದೆಯ ಯಾವ ಮೂಲೆಯನ್ನು ಮರೆಮಾಡುತ್ತದೆ ಎಂಬುದನ್ನಷ್ಟೇ ಬದಲಿಸುತ್ತದೆ.

ವಿಂಡೋಸ್ ಅಡ್ಡಬರುವ ಜಾಗಗಳು

ಎಡ ಶಿಫ್ಟಿಗೆ ಇಲ್ಲದ ಒಂದು ಗುಣ ಬಲ ಶಿಫ್ಟಿಗೆ ಇದೆ. ಅದನ್ನು ಎಂಟು ಸೆಕೆಂಡು ಹಿಡಿದೇ ಇದ್ದರೆ ವಿಂಡೋಸ್ ‘ಫಿಲ್ಟರ್ ಕೀಸ್’ ಎಂಬ ಸೌಲಭ್ಯವನ್ನು ಆನ್ ಮಾಡಲು ಹೊರಡುತ್ತದೆ. ಕೈ ನಡುಗುವವರಿಗಾಗಿ, ಕ್ಷಣಿಕ ಒತ್ತುಗಳನ್ನು ಲೆಕ್ಕಿಸದಂತೆ ಮಾಡುವ ಒಳ್ಳೆಯ ಸೌಲಭ್ಯವೇ ಅದು. ಆಟದಲ್ಲಿ ಮಾತ್ರ ಅನಾಹುತ. ಮೂಲೆಯಲ್ಲಿ ಕುಕ್ಕರಿಸಿ ಕಾದಿರುವ ಆಟಗಾರನಿಗೆ ಬೀಪ್ ಸದ್ದು ಕೇಳಿ, ಆಟದ ಮೇಲೊಂದು ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಅದಕ್ಕೆ ಹೌದೆಂದುಬಿಟ್ಟರೆ ಆಮೇಲೆ ಕೀಗಳು ತಟ್ಟಿದರೂ ಕೇಳವು. ಯಾವುದೇ ಶಿಫ್ಟನ್ನು ಐದು ಸಲ ಬೇಗಬೇಗ ಒತ್ತಿದರೆ ಬರುವ ‘ಸ್ಟಿಕಿ ಕೀಸ್’ ಪೆಟ್ಟಿಗೆ ಎಲ್ಲರಿಗೂ ಪರಿಚಿತ, ಬಲ ಶಿಫ್ಟಿನದು ಎಡಚರಿಗೆ ಮಾತ್ರ ಎದುರಾಗುವಂಥದ್ದು. ವಿಂಡೋಸ್ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ, ಕೀಬೋರ್ಡ್ ಪುಟದಲ್ಲಿ ಈ ಎರಡರ ಶಾರ್ಟ್‌ಕಟ್‌ಗಳನ್ನೂ ತೆಗೆದುಹಾಕಬೇಕು.

ಕುಕ್ಕರಿಸಲು ಬಲ ಆಲ್ಟ್ ಕೀಯನ್ನು ಆರಿಸದಿರುವುದಕ್ಕೆ ಭಾರತದಲ್ಲಿ ವಿಶೇಷ ಕಾರಣವೊಂದಿದೆ. ‘ಇಂಗ್ಲಿಷ್ (ಭಾರತ)’ ಕೀಬೋರ್ಡ್ ವಿನ್ಯಾಸದಲ್ಲಿ ಬಲ ಆಲ್ಟ್ ಜೊತೆ 4 ಒತ್ತಿದರೆ ರೂಪಾಯಿ ಚಿಹ್ನೆ ಬರುತ್ತದೆ. ಹೀಗೆ ಬಲ ಆಲ್ಟಿಗೆ ವಿಶೇಷ ಕೆಲಸವಿರುವ ವಿನ್ಯಾಸಗಳಲ್ಲಿ ಅದನ್ನು ಒತ್ತಿದಾಗ ವಿಂಡೋಸ್ ಎಡ ಕಂಟ್ರೋಲ್ ಕೀಯೂ ಒತ್ತಿದಂತೆ ಆಟಕ್ಕೆ ತಿಳಿಸುತ್ತದೆ. ಒಂದು ಒತ್ತಿಗೆ ಎರಡು ಕ್ರಿಯೆ. ಕನ್ನಡ ಮತ್ತು ಇಂಗ್ಲಿಷ್ ಎರಡೂ ಕೀಬೋರ್ಡುಗಳನ್ನು ಹಾಕಿಕೊಂಡವರಿಗೆ ಇನ್ನೊಂದು ತೊಡಕು. ಎಡ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಬಿದ್ದರೆ ಭಾಷೆ ಬದಲಾಗಿ, ಕನ್ಸೋಲಿನಲ್ಲಿ ಬರೆಯಹೊರಟ ಆಜ್ಞೆ ಕನ್ನಡ ಅಕ್ಷರಗಳಲ್ಲಿ ಮೂಡುತ್ತದೆ. ಆಡುವ ಮುನ್ನ ಭಾಷೆ ಬದಲಿಸುವ ಆ ಶಾರ್ಟ್‌ಕಟ್ಟನ್ನು ತೆಗೆದು, ವಿಂಡೋಸ್ ಕೀ ಮತ್ತು ಸ್ಪೇಸ್ ಜೋಡಿಯೊಂದನ್ನೇ ಉಳಿಸಿಕೊಳ್ಳಬಹುದು.

ಮೂರು ಕೀ ಒತ್ತಿದರೆ ಎರಡೇ ಕೇಳಿಸುವುದು

ಅಗ್ಗದ ಕೀಬೋರ್ಡಿನೊಳಗೆ ಪ್ರತಿ ಕೀಗೂ ಬೇರೆ ತಂತಿ ಇರುವುದಿಲ್ಲ. ಅಡ್ಡ ಸಾಲು, ಉದ್ದ ಸಾಲುಗಳ ಬಲೆಯೊಂದಿದ್ದು, ಕೀ ಒತ್ತಿದಾಗ ಒಂದು ಅಡ್ಡಸಾಲೂ ಒಂದು ಉದ್ದಸಾಲೂ ಕೂಡುತ್ತವೆ. ಬಲೆಯಲ್ಲಿ ಒಂದು ಚೌಕದ ಮೂರು ಮೂಲೆಗಳಂತಿರುವ ಮೂರು ಕೀಗಳನ್ನು ಒಟ್ಟಿಗೆ ಒತ್ತಿದರೆ ನಾಲ್ಕನೆಯ ಮೂಲೆಯೂ ಒತ್ತಿದಂತೆ ಕಾಣುತ್ತದೆ. ಆ ಗೊಂದಲ ತಪ್ಪಿಸಲು ಕೀಬೋರ್ಡು ಮೂರನೆಯ ಕೀಯನ್ನೇ ಕೈಬಿಡುತ್ತದೆ. ಆಟಕ್ಕೆಂದು ಮಾರುವ ಕೀಬೋರ್ಡುಗಳಲ್ಲಿ W, A, S, D ಸುತ್ತಮುತ್ತ ಹೀಗಾಗದಂತೆ ಬಲೆ ಹೆಣೆದಿರುತ್ತಾರೆ. ಬಲಭಾಗಕ್ಕೂ ಅಷ್ಟೇ ಕಾಳಜಿ ಸಿಕ್ಕಿರುತ್ತದೆ ಎನ್ನಲಾಗದು.

ಪರೀಕ್ಷೆ ಸುಲಭ. ನೋಟ್‌ಪ್ಯಾಡ್ ತೆರೆದು O ಮತ್ತು ಅರ್ಧವಿರಾಮವನ್ನು ಹಿಡಿದುಕೊಂಡು ಉದ್ಧರಣ ಚಿಹ್ನೆಯನ್ನು ಒತ್ತಬೇಕು, ಬಳಿಕ ಸ್ಪೇಸ್. ನಾಲ್ಕೂ ಮೂಡಿದರೆ ಓರೆಯಾಗಿ ನಡೆಯುತ್ತ ನೆಗೆಯಬಹುದು. ಮೂರನೆಯದು ಮೂಡದಿದ್ದರೆ ನಡೆಯುವ ಕೆಲಸವನ್ನು ಬಲ ಶಿಫ್ಟಿಗೂ ಕುಕ್ಕರಿಸುವುದನ್ನು ಉದ್ಧರಣ ಚಿಹ್ನೆಗೂ ಅದಲುಬದಲು ಮಾಡಿ ನೋಡಬೇಕು. ಶಿಫ್ಟ್, ಕಂಟ್ರೋಲ್, ಆಲ್ಟ್‌ಗಳು ಬೇರೆ ಕೀಗಳ ಜೊತೆಗೇ ಒತ್ತುವಂಥವಾದ್ದರಿಂದ ಅಗ್ಗದ ಕೀಬೋರ್ಡಿನಲ್ಲೂ ಅವುಗಳಿಗೆ ಸಾಮಾನ್ಯವಾಗಿ ಬಲೆಯಲ್ಲಿ ಪ್ರತ್ಯೇಕ ಸಾಲು ಕೊಟ್ಟಿರುತ್ತಾರೆ.

ಕೀಬೋರ್ಡೇ ಚಿಕ್ಕದಾದಾಗ

ಮೇಜಿನ ಮೇಲೆ ಮೌಸಿಗೆ ಜಾಗ ಬಿಡಲೆಂದು 61 ಕೀಗಳ ಪುಟ್ಟ ಕೀಬೋರ್ಡ್ ಕೊಳ್ಳುವವರಿಗೆ W, A, S, D ತೊಂದರೆ ಕೊಡುವುದಿಲ್ಲ. ಅಕ್ಷರಗಳು ಪೂರ್ಣ ಗಾತ್ರದಲ್ಲೇ, ಅದೇ ಅಂತರದಲ್ಲೇ ಇರುತ್ತವೆ. ಹೋಗಿರುವುದು ಬಾಣದ ಕೀಗಳು, F1ರಿಂದ F12ರವರೆಗಿನ ಸಾಲು, ಸಂಖ್ಯೆಗಳ ಗುಂಪು. ಇವನ್ನು Fn ಕೀ ಹಿಡಿದು ಬೇರೆ ಕೀ ಒತ್ತಿ ಪಡೆಯಬೇಕು. Fn ಸಾಮಾನ್ಯವಾಗಿ ಕೀಬೋರ್ಡಿನೊಳಗಿನ ಚಿಪ್ಪಿಗೆ ಮಾತ್ರ ಗೊತ್ತಿರುವ ಕೀ, ಆಟದವರೆಗೆ ಅದರ ಸುದ್ದಿಯೇ ಹೋಗದು. ಹಾಗಾಗಿ Fnಗೆ ಯಾವ ಕ್ರಿಯೆಯನ್ನೂ ಬೈಂಡ್ ಮಾಡಲಾಗುವುದಿಲ್ಲ.

Fn ಜೊತೆ ಸಿಗುವ ಬಾಣಗಳಲ್ಲಿ ಓಡಾಡುವ ಯೋಚನೆ ಬೇಡ. ಬಾಣಕ್ಕಿಂತ ಮೊದಲು Fn ಬಿಟ್ಟರೆ ಕೆಲವು ಕೀಬೋರ್ಡುಗಳಲ್ಲಿ ‘ಬಾಣ ಬಿಟ್ಟಿತು’ ಎಂಬ ಸುದ್ದಿ ಆಟಕ್ಕೆ ತಲುಪುವುದೇ ಇಲ್ಲ. ಕೈ ತೆಗೆದರೂ ಪಾತ್ರ ಓಡುತ್ತಲೇ ಇರುತ್ತದೆ, ಅದೇ ಜೋಡಿಯನ್ನು ಮತ್ತೊಮ್ಮೆ ಒತ್ತಿ ಬಿಡುವವರೆಗೆ ನಿಲ್ಲದು. ಒತ್ತಿ ಹಿಡಿಯುವ ಕ್ರಿಯೆಗಳೆಲ್ಲ ನೇರ ಕೀಗಳಲ್ಲೇ ಇರಬೇಕು. ಒಮ್ಮೆ ತಟ್ಟಿ ಬಿಡುವಂಥವು ಬೇಕಾದರೆ Fn ಜೊತೆ ಹೋಗಲಿ.

ಕನ್ಸೋಲ್ ತೆರೆಯುವ ಕೀ ಇನ್ನೊಂದು ಕಾಟ. ಅದು 1ರ ಎಡಕ್ಕಿರುವ ತರಂಗ ಚಿಹ್ನೆಯ ಕೀ. ಪುಟ್ಟ ಕೀಬೋರ್ಡಿನಲ್ಲಿ ಆ ಜಾಗವನ್ನು ಎಸ್ಕೇಪ್ ಹಿಡಿದಿರುತ್ತದೆ, ತಟ್ಟಿದರೆ ಆಟದ ಮೆನು ಬರುತ್ತದೆ. ಕನ್ಸೋಲ್ ತೆರೆಯದೆ ಆಜ್ಞೆ ಬರೆಯುವಂತಿಲ್ಲ, ಆಜ್ಞೆ ಬರೆಯದೆ ಕೀ ಬದಲಾಗದು ಎಂದು ಕಂಗೆಡಬೇಕಿಲ್ಲ. `autoexec.cfg` ಫೈಲಿಗೆ ಈ ಸಾಲು ಸೇರಿಸಿದರೆ ಸಾಕು:

```
bind "]" "toggleconsole"
```

ಎಡಚರು ಪುಟ್ಟ ಕೀಬೋರ್ಡ್ ಕೊಳ್ಳುವಾಗ ಬಲ ಶಿಫ್ಟನ್ನು ಅಳೆದು ನೋಡಬೇಕು. 61 ಕೀಗಳಲ್ಲಿ ಅದು ಸಾಮಾನ್ಯವಾಗಿ ಪೂರ್ಣ ಉದ್ದದ್ದೇ. ಆದರೆ ಬಾಣಗಳನ್ನೂ ತುರುಕಿದ 64 ಕೀಗಳ ಕೆಲವು ಮಾದರಿಗಳಲ್ಲಿ ಬಲ ಶಿಫ್ಟ್ ಒಂದು ಅಕ್ಷರದ ಕೀಯಷ್ಟೇ ಕುಗ್ಗಿ, ಮಗ್ಗುಲಲ್ಲಿ ಮೇಲ್ಬಾಣ ಕೂತಿರುತ್ತದೆ. ಕಿರುಬೆರಳು ನೋಡದೆ ಇಳಿದರೆ ಯಾವುದರ ಮೇಲೆ ಬೀಳುವುದೋ ಹೇಳಲಾಗದು. ಅಂಥ ಕೀಬೋರ್ಡಿನಲ್ಲಿ ಮೇಲ್ಬಾಣಕ್ಕೂ `bind "UPARROW" "+duck"` ಎಂದು ಅದೇ ಕೆಲಸ ಕೊಟ್ಟರೆ ಬೆರಳು ತಪ್ಪಿದರೂ ಪಾತ್ರ ಕುಕ್ಕರಿಸುತ್ತದೆ. ಒಂದು ಕ್ರಿಯೆಗೆ ಎರಡು ಕೀಗಳಿರುವುದಕ್ಕೆ ಆಟದ ಅಡ್ಡಿಯಿಲ್ಲ.

ಒಂದು ಕೀಗೆ ಎರಡು ಕ್ರಿಯೆಗಳನ್ನು ಕಟ್ಟುವುದಕ್ಕೆ ಮಾತ್ರ ಅಡ್ಡಿಯಿದೆ. ಎಡದ ಕೀ ಹಿಡಿದಿರುವಾಗಲೇ ಬಲದ್ದನ್ನು ಒತ್ತಿದರೆ ಮೊದಲಿನದನ್ನು ತಾನೇ ಬಿಡಿಸುವ ಕೀಬೋರ್ಡುಗಳನ್ನೂ, ನೆಗೆತ ಮತ್ತು ಎಸೆತವನ್ನು ಒಂದೇ ಒತ್ತಿನಲ್ಲಿ ಮಾಡುವ ಬೈಂಡ್‌ಗಳನ್ನೂ ವಾಲ್ವ್ ಕಂಪನಿ 2024ರ ಆಗಸ್ಟ್‌ನಲ್ಲಿ ತನ್ನ ಅಧಿಕೃತ ಸರ್ವರ್‌ಗಳಲ್ಲಿ ನಿಷೇಧಿಸಿತು. ಸಿಕ್ಕಿಬಿದ್ದವರನ್ನು ಪಂದ್ಯದಿಂದ ಹೊರಗೆ ಹಾಕಲಾಗುತ್ತದೆ. ಒಂದು ಕ್ರಿಯೆಯನ್ನು ಒಂದು ಕೀಯಿಂದ ಇನ್ನೊಂದಕ್ಕೆ ಸಾಗಿಸುವುದು ಈ ನಿಷೇಧಕ್ಕೆ ಒಳಪಡುವುದಿಲ್ಲ. ಆದರೂ ಬದಲಾವಣೆಯನ್ನು ಆಟದೊಳಗೇ ಮಾಡುವುದು ಕ್ಷೇಮ. ಹೊರಗಿನ ಕೀ ಬದಲಿಸುವ ತಂತ್ರಾಂಶಗಳನ್ನು ಕೆಲವು ಆಟಗಳ ಮೋಸತಡೆ ವ್ಯವಸ್ಥೆ ಅನುಮಾನದಿಂದ ನೋಡುತ್ತದೆ.

ಎಲ್ಲ ಆಟಗಳೂ ಕೌಂಟರ್-ಸ್ಟ್ರೈಕಿನಷ್ಟು ಧಾರಾಳವಾಗಿಲ್ಲ. ಕೆಲವು ಓಡಾಟದ ಕೀಗಳನ್ನು ಬದಲಿಸಲು ಬಿಟ್ಟು ಮೆನು, ನಕಾಶೆ, ವಾಹನ ಓಡಿಸುವ ಕೀಗಳನ್ನು ಹಾಗೇ ಗಟ್ಟಿಮಾಡಿರುತ್ತವೆ. ಎಂಟರ್ ಅಥವಾ ಬಾಣದ ಕೀಗಳನ್ನು ಒಪ್ಪದ ಆಟಗಳೂ ಇವೆ. ಕೊಂಡ ದಿನವೇ ಸೆಟ್ಟಿಂಗ್ಸ್ ತೆರೆದು ಮೇಲಿನ ಜೋಡಣೆಯನ್ನು ಪೂರ್ತಿ ಹಾಕಿ ನೋಡಬೇಕು. ಹೊಂದದಿದ್ದರೆ, ಸ್ಟೀಮ್‌ನಲ್ಲಿ ಕೊಂಡ ಆಟವನ್ನು 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಿಂದಿರುಗಿಸಿ ಹಣ ಪಡೆಯಬಹುದು.